ಬಾವಿಯ ಹಗ್ಗದಲ್ಲಿ ಒಂದು ಅಲೆ: ಉತ್ತರ ಒಪ್ಪಿಸುವ ಮುನ್ನ

(ಹಾಸನದಲ್ಲಿ ಭೌತಶಾಸ್ತ್ರದ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಅನೇಕರು ಬೇಲೂರು, ಆಲೂರು, ಸಕಲೇಶಪುರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದೀರಿ. ಆ ಕಡೆಯ ಹಳೆಯ ಮನೆಗಳ ಹಿತ್ತಲಲ್ಲಿ ಇನ್ನೂ ಸೇದುವ ಬಾವಿಗಳಿವೆ. ರಾಟೆಯ ಮೇಲಿಂದ ಹಗ್ಗ ಇಳಿದಿರುತ್ತದೆ, ತುದಿಯಲ್ಲಿ ನೀರು ತುಂಬಿದ ಕೊಡ ತೂಗುತ್ತಿರುತ್ತದೆ. ಆ ಕೊಡ ಬಾವಿಯ ಗೋಡೆಗೆ ಒಮ್ಮೆ ತಗುಲಿತು ಎಂದುಕೊಳ್ಳಿ. ಹಗ್ಗದ ಬುಡದಲ್ಲಿ ಒಂದು ಡೊಂಕು ಹುಟ್ಟಿ ಸರ್ರನೆ ಮೇಲಕ್ಕೆ ಓಡುತ್ತದೆ. ಕ್ಷಣಾರ್ಧದಲ್ಲಿ ಹಗ್ಗ ಹಿಡಿದ ಕೈಗೆ ಅದು ಗೊತ್ತಾಗುತ್ತದೆ. ಆ ಡೊಂಕು ಬುಡದಿಂದ ರಾಟೆಗೆ ತಲುಪಲು ಎಷ್ಟು ಹೊತ್ತು ಬೇಕು? ತರಂಗಗಳ ಅಧ್ಯಾಯದ ಅಸೈನ್‌ಮೆಂಟುಗಳಲ್ಲಿ ಈ ಲೆಕ್ಕ ಒಂದಲ್ಲ ಒಂದು ವೇಷದಲ್ಲಿ ಬಂದೇ ಬರುತ್ತದೆ. ಇವತ್ತು ನಾನು ಮಾತನಾಡುವುದು ಹೆಚ್ಚಾಗಿ ಈ ಒಂದೇ ಲೆಕ್ಕದ ಬಗ್ಗೆ. ಅದನ್ನು ಬಿಡಿಸುವುದಕ್ಕಿಂತ, ಬಿಡಿಸಿದ ಉತ್ತರವನ್ನು ಒಪ್ಪಿಸುವ ಮುನ್ನ ಹೇಗೆ ತಟ್ಟಿ ನೋಡಬೇಕು ಎಂಬುದರ ಬಗ್ಗೆ.

ಮೊದಲು ಲೆಕ್ಕವನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಹಗ್ಗದ ಉದ್ದ L, ಇಡೀ ಹಗ್ಗದ ದ್ರವ್ಯರಾಶಿ m, ನೀರು ಸೇರಿ ಕೊಡದ ದ್ರವ್ಯರಾಶಿ M. ಒಂದು ಮೀಟರ್ ಹಗ್ಗದ ದ್ರವ್ಯರಾಶಿಯನ್ನು μ ಎನ್ನೋಣ, ಅದು m/L. ಹಗ್ಗದಲ್ಲಿ ಅಲೆಯ ವೇಗ ಅಲ್ಲಿನ ಎಳೆತ T ಮತ್ತು μ ಇವೆರಡರಿಂದ ನಿರ್ಧಾರವಾಗುತ್ತದೆ:

v = √(T/μ)

ತೂಗುವ ಹಗ್ಗದಲ್ಲಿ ಎಳೆತ ಎಲ್ಲ ಕಡೆ ಒಂದೇ ಅಲ್ಲ. ಬುಡದಲ್ಲಿ ಹಗ್ಗ ಕೊಡವನ್ನು ಮಾತ್ರ ಹೊತ್ತಿರುತ್ತದೆ, ಮೇಲೆ ಹೋದಂತೆ ತನ್ನದೇ ಕೆಳಭಾಗವನ್ನೂ ಹೊರಬೇಕು. ಬುಡದಿಂದ y ಎತ್ತರದಲ್ಲಿ T = (M + μy)g. ಪ್ರತಿ ಚಿಕ್ಕ ತುಂಡು dy ದಾಟಲು dy/v ಸಮಯ ಬೇಕು. ಅದನ್ನು 0 ಯಿಂದ L ವರೆಗೆ ಅನುಕಲನ ಮಾಡಿದರೆ ಬರುವುದು:

t = 2√(L/(mg)) · (√(M+m) − √M)

ಇದು ಸರಿಯಾದ ಉತ್ತರ. ಆದರೆ ನಿಮ್ಮ ಹಾಳೆಯ ಮೇಲೆ ಬಂದದ್ದು ಇದೇ ಎಂದು ನಿಮಗೆ ಗೊತ್ತಿರುವುದಿಲ್ಲವಲ್ಲ. ಹಿಂದಿನ ಪುಟದಲ್ಲಿ ಉತ್ತರ ಕೊಟ್ಟಿಲ್ಲ, ಪಕ್ಕದವರ ಉತ್ತರ ಬೇರೆಯಾಗಿದೆ, ಬೆಳಗಾದರೆ ಒಪ್ಪಿಸಬೇಕು. ಆಗ ಏನು ಮಾಡುತ್ತೀರಿ?

ಮೊದಲ ಹೆಜ್ಜೆ ಆಯಾಮಗಳದ್ದು. ಇಲ್ಲಿ ಒಂದು ಕ್ರಮ ಇಟ್ಟುಕೊಳ್ಳಿ: ಒಳಗಿನಿಂದ ಹೊರಕ್ಕೆ ಬನ್ನಿ. ಕೂಡುವ ಅಥವಾ ಕಳೆಯುವ ಚಿಹ್ನೆ ಎಲ್ಲೆಲ್ಲಿ ಇದೆಯೋ ಅಲ್ಲಿ ಎರಡೂ ಬದಿ ಒಂದೇ ಜಾತಿಯೇ ನೋಡಿ. M + m, ಎರಡೂ ಕಿಲೋಗ್ರಾಂ, ಸರಿ. ಎರಡು ವರ್ಗಮೂಲಗಳ ವ್ಯತ್ಯಾಸ, ಎರಡೂ ಕಿಲೋಗ್ರಾಂನ ವರ್ಗಮೂಲ, ಅದೂ ಸರಿ. ಯಾರಾದರೂ √(M+m) − M ಎಂದು ಬರೆದಿದ್ದರೆ ಅಲ್ಲೇ ನಿಲ್ಲಬೇಕು. ಹೊರಗಡೆ ಏನಿದೆ ಎಂದು ನೋಡುವ ಅಗತ್ಯವೇ ಇಲ್ಲ. ಆಮೇಲೆ ಹೊರಗಿನ ಭಾಗ. L/g ಎಂದರೆ ಮೀಟರನ್ನು ಸೆಕೆಂಡಿನ ವರ್ಗಕ್ಕೆ ಮೀಟರ್ ಎಂಬುದರಿಂದ ಭಾಗಿಸಿದ್ದು, ಉಳಿಯುವುದು ಸೆಕೆಂಡಿನ ವರ್ಗ. ಅದರ ವರ್ಗಮೂಲ ಸೆಕೆಂಡು. ಛೇದದ √m ಮತ್ತು ಆವರಣದ ಒಳಗಿನ ವರ್ಗಮೂಲ ಒಂದನ್ನೊಂದು ಹೊಡೆದುಹಾಕುತ್ತವೆ. ಉತ್ತರ ಸಮಯವೇ ಹೌದು.

ಈಗ ಈ ಪರೀಕ್ಷೆ ಹಿಡಿಯುವ ಒಂದು ತಪ್ಪನ್ನು ಹತ್ತಿರದಿಂದ ನೋಡಿ. ಅನುಕಲನದ ನಡುವೆ μ ಅನ್ನು m/L ಎಂದು ಬದಲಿಸುವಾಗ m ಕೈತಪ್ಪಿ ಹೋಯಿತು, ಉತ್ತರ 2√(L/g)(√(M+m) − √M) ಎಂದಾಯಿತು. ಆಯಾಮ ನೋಡಿದರೆ ಸೆಕೆಂಡಿನ ಜೊತೆಗೆ ಕಿಲೋಗ್ರಾಂನ ವರ್ಗಮೂಲ ಅಂಟಿಕೊಂಡಿದೆ. ಪರೀಕ್ಷೆ ತಪ್ಪಿದೆ ಎನ್ನುವುದಷ್ಟೇ ಅಲ್ಲ, ಏನು ಕಳೆದುಹೋಗಿದೆ ಎಂದೂ ಹೇಳುತ್ತಿದೆ: ಛೇದದಲ್ಲಿ ಒಂದು ದ್ರವ್ಯರಾಶಿಯ ವರ್ಗಮೂಲ ಬೇಕು. ಹುಡುಕಬೇಕಾದ ಸಾಲು ಯಾವುದು ಎಂದು ಅಲ್ಲಿಂದಲೇ ಗೊತ್ತಾಗುತ್ತದೆ.

ಆದರೆ ಆ ಪ್ರಶ್ನೆಯಲ್ಲಿ ಹಗ್ಗ 1 ಕಿಲೋಗ್ರಾಂ ಎಂದು ಕೊಟ್ಟಿತ್ತು ಎಂದುಕೊಳ್ಳಿ. ನೀವು ಮೊದಲ ಸಾಲಿನಲ್ಲೇ m ಇದ್ದ ಜಾಗದಲ್ಲೆಲ್ಲ 1 ಹಾಕಿಬಿಟ್ಟಿದ್ದರೆ ಈ ತಪ್ಪು ಮಾಯವಾಗಿಬಿಡುತ್ತದೆ. √1 ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಉತ್ತರದ ಸಂಖ್ಯೆ ಸರಿಯಾಗಿಯೇ ಬರುತ್ತದೆ, ಸೂತ್ರ ತಪ್ಪಾಗಿರುತ್ತದೆ, ಮುಂದಿನ ಉಪಪ್ರಶ್ನೆಯಲ್ಲಿ ಹಗ್ಗವನ್ನು 2 ಕಿಲೋಗ್ರಾಂ ಮಾಡಿದಾಗ ಎಲ್ಲ ಕುಸಿಯುತ್ತದೆ. ಅದಕ್ಕೇ ನಾನು ಮತ್ತೆ ಮತ್ತೆ ಕೇಳಿಕೊಳ್ಳುವುದು: ಕೊನೆಯ ಸಾಲಿನವರೆಗೂ ಅಕ್ಷರಗಳನ್ನೇ ಉಳಿಸಿಕೊಳ್ಳಿ. ಅಕ್ಷರಗಳು ಇದ್ದರೆ ಮಾತ್ರ ಆಯಾಮ ನೋಡಬಹುದು. ಸಂಖ್ಯೆ ಹಾಕಿದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ.

ಆಯಾಮ ಸರಿಯಿದ್ದ ಮಾತ್ರಕ್ಕೆ ಉತ್ತರ ಸರಿ ಎಂದಲ್ಲ. ಮುಂದಿರುವ 2 ಬಿಟ್ಟುಹೋದರೂ ಆಯಾಮಕ್ಕೆ ಗೊತ್ತಾಗುವುದಿಲ್ಲ. ಕಳೆಯುವ ಜಾಗದಲ್ಲಿ ಕೂಡಿದರೂ ಗೊತ್ತಾಗುವುದಿಲ್ಲ. M/m ಎಂಬ ಅನುಪಾತಕ್ಕೆ ಆಯಾಮವೇ ಇಲ್ಲ, ಆದ್ದರಿಂದ ಆ ಅನುಪಾತ ಉತ್ತರದೊಳಗೆ ಹೇಗೆ ಕೂತಿದೆ ಎಂಬ ವಿಷಯದಲ್ಲಿ ಆಯಾಮ ವಿಶ್ಲೇಷಣೆ ಬಾಯಿ ಬಿಡುವುದಿಲ್ಲ. ಅಲ್ಲಿಂದ ಮುಂದಕ್ಕೆ ಅಂಚಿನ ಪ್ರಸಂಗಗಳ ಕೆಲಸ.

ಅಂಚಿನ ಪ್ರಸಂಗ ಎಂದರೆ, ಲೆಕ್ಕದ ಒಂದು ರಾಶಿಯನ್ನು ತುದಿಗೆ ತಳ್ಳಿ, ಲೆಕ್ಕ ತೀರಾ ಸುಲಭವಾಗುವ ಜಾಗಕ್ಕೆ ಹೋಗಿ ನಿಲ್ಲುವುದು. ಇಲ್ಲಿ ಎರಡು ತುದಿಗಳಿವೆ. ಒಂದು, ಕೊಡ ಹಗ್ಗಕ್ಕಿಂತ ತುಂಬಾ ಭಾರ. ಇನ್ನೊಂದು, ಕೊಡವೇ ಇಲ್ಲ, ಬರೀ ಹಗ್ಗ ತೂಗುತ್ತಿದೆ. ನನ್ನ ಒಂದು ಒತ್ತಾಯವಿದೆ. ಈ ಎರಡು ತುದಿಗಳಲ್ಲಿ ಉತ್ತರ ಏನಾಗಬೇಕು ಎಂಬುದನ್ನು ಅನುಕಲನ ಶುರು ಮಾಡುವ ಮೊದಲೇ, ಹಾಳೆಯ ಮೇಲ್ಭಾಗದಲ್ಲಿ ಬರೆದಿಡಿ. ಉತ್ತರ ಬಂದ ಮೇಲೆ ಅದರಲ್ಲಿ M = 0 ಹಾಕಿ "ಹೌದು, ಸರಿಯಾಗಿ ಕಾಣುತ್ತದೆ" ಎನ್ನುವುದು ಪರೀಕ್ಷೆಯಲ್ಲ. ತನ್ನ ಕೈಯ ಲೆಕ್ಕ ತನಗೆ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ.

ಭಾರದ ಕೊಡ ಮೊದಲು. ಆಗ ಹಗ್ಗದ ಸ್ವಂತ ತೂಕ ಲೆಕ್ಕಕ್ಕೆ ಬರುವುದಿಲ್ಲ, ಎಳೆತ ಎಲ್ಲ ಕಡೆ Mg, ವೇಗ ಎಲ್ಲ ಕಡೆ √(MgL/m). ಉದ್ದವನ್ನು ವೇಗದಿಂದ ಭಾಗಿಸಿದರೆ t = √(mL/(Mg)). ಇದಕ್ಕೆ ಅನುಕಲನ ಬೇಕಿಲ್ಲ, ಪಿಯುಸಿ ಓದಿದವರೂ ಹೇಳಬಲ್ಲರು.

ಈಗ ನಮ್ಮ ಉತ್ತರ ಅಲ್ಲಿಗೆ ಹೋಗುತ್ತದೆಯೇ? M ಅನಂತ ಎಂದು ಹಾಕಿದರೆ ಅನಂತದಿಂದ ಅನಂತ ಕಳೆದಂತಾಗುತ್ತದೆ, ಏನೂ ತಿಳಿಯುವುದಿಲ್ಲ. "ಸಮಯ ಸೊನ್ನೆಗೆ ಹೋಗುತ್ತದೆ" ಎಂದಷ್ಟೇ ಹೇಳಿ ಮುಗಿಸುವವರೂ ಇದ್ದಾರೆ. ಅದು ಸಾಲದು. ಮುಂದಿನ 2 ಬಿಟ್ಟುಹೋದ ಉತ್ತರವೂ ಸೊನ್ನೆಗೇ ಹೋಗುತ್ತದೆ. ಸೊನ್ನೆಗೆ ಹೋಗುವಾಗ ಯಾವ ರೂಪದಲ್ಲಿ ಹೋಗುತ್ತದೆ ಎಂದು ಕೇಳಬೇಕು. ಅದಕ್ಕೆ ಆವರಣವನ್ನು ತಿರುವಿ ಬರೆಯಿರಿ. √(M+m) − √M ಎಂಬುದನ್ನು √(M+m) + √M ಇಂದ ಗುಣಿಸಿ ಭಾಗಿಸಿದರೆ ಮೇಲೆ m ಮಾತ್ರ ಉಳಿಯುತ್ತದೆ:

t = 2√(mL/g) / (√(M+m) + √M)

ಈ ರೂಪದಲ್ಲಿ ಎರಡೂ ತುದಿಗಳು ಬರಿಗಣ್ಣಿಗೇ ಕಾಣುತ್ತವೆ. M ದೊಡ್ಡದಾದರೆ ಛೇದ ಹೆಚ್ಚುಕಡಿಮೆ 2√M, ಉತ್ತರ √(mL/(Mg)). ಮೇಲೆ ಬರೆದಿಟ್ಟದ್ದಕ್ಕೆ ಅಕ್ಷರಶಃ ಹೊಂದುತ್ತದೆ. 2 ಬಿಟ್ಟವರಿಗೆ ಅರ್ಧ ಬರುತ್ತಿತ್ತು, ಸಿಕ್ಕಿಬೀಳುತ್ತಿದ್ದರು. ಮೊದಲ ರೂಪದಲ್ಲಿ ಕಳೆಯುವ ಬದಲು ಕೂಡಿದವರ ಉತ್ತರದಲ್ಲಿ ಕೊಡ ಭಾರವಾದಷ್ಟೂ ಅಲೆ ನಿಧಾನವಾಗುತ್ತಿತ್ತು. ಬಿಗಿಯಾದ ತಂತಿಯಲ್ಲಿ ಅಲೆ ಬೇಗ ಓಡುತ್ತದೆ ಎಂಬುದಕ್ಕೆ ಅದು ನೇರ ವಿರುದ್ಧ. ಗಮನಿಸಿ, ಆ ಕೂಡಿದ ಉತ್ತರದಲ್ಲಿ M = 0 ಹಾಕಿದರೆ ಸರಿಯಾದದ್ದೇ ಬರುತ್ತದೆ. ಒಂದೇ ತುದಿ ನೋಡಿ ಸಮಾಧಾನಪಟ್ಟಿದ್ದರೆ ತಪ್ಪು ಪಾರಾಗುತ್ತಿತ್ತು.

ಇನ್ನೊಂದು ತುದಿಗೆ ಬರೋಣ. ಕೊಡ ಬಿಚ್ಚಿಬಿಡಿ. ಆಗ ಬುಡದಿಂದ y ಎತ್ತರದಲ್ಲಿ ವೇಗದ ವರ್ಗ gy. ಇದನ್ನು ನೋಡಿದ ಕೂಡಲೇ ನಿಮಗೆ ಒಂದು ಹಳೆಯ ಪರಿಚಯ ನೆನಪಾಗಬೇಕು: v² = 2as. ಎರಡನ್ನೂ ಪಕ್ಕಪಕ್ಕ ಇಟ್ಟರೆ a = g/2. ಅಂದರೆ ತೂಗುವ ಹಗ್ಗದಲ್ಲಿ ಅಲೆ ನಿಶ್ಚಲ ಸ್ಥಿತಿಯಿಂದ ಹೊರಟು, g ಯ ಅರ್ಧದಷ್ಟು ಸಮ ವೇಗೋತ್ಕರ್ಷದಲ್ಲಿ ಮೇಲಕ್ಕೆ ಏರುತ್ತದೆ. ಬಿದ್ದ ಕಲ್ಲು ಕೆಳಗೆ ಹೋಗುವಂತೆ ಇದು ಮೇಲಕ್ಕೆ "ಬೀಳುತ್ತದೆ", ಅರ್ಧ ಜೋರಿನಲ್ಲಿ. ಈ ಫಲಿತಾಂಶ ನನಗೆ ಇವತ್ತಿಗೂ ಬಹಳ ಇಷ್ಟ. ಇದರಿಂದ L = ½(g/2)t², ಆದ್ದರಿಂದ t = 2√(L/g). ನಮ್ಮ ಉತ್ತರದಲ್ಲಿ M = 0 ಹಾಕಿದರೂ ಅದೇ. ಬೇರೆ ದಾರಿಯಲ್ಲಿ ಬಂದು ಅದೇ ಊರು ತಲುಪಿದ್ದೇವೆ. (ಕೊಡವಿಲ್ಲದ ಹಗ್ಗದ ಕಟ್ಟಕಡೆಯ ತುದಿಯಲ್ಲಿ ಎಳೆತವೇ ಸೊನ್ನೆ. ನಿಜವಾದ ಹಗ್ಗದಲ್ಲಿ ಅಲ್ಲಿ ಹಗ್ಗದ ಪೆಡಸುತನವೂ ಲೆಕ್ಕಕ್ಕೆ ಬರುತ್ತದೆ. ಪ್ರಶ್ನೆಯಲ್ಲಿರುವುದು ಬಳುಕುವ ಆದರ್ಶ ಹಗ್ಗ.)

ಈಗ ಈ ಲೆಕ್ಕದಲ್ಲಿ ನಾನು ಅತಿ ಹೆಚ್ಚು ಸಲ ನೋಡಿರುವ ತಪ್ಪಿಗೆ ಬರುತ್ತೇನೆ. ವಿದ್ಯಾರ್ಥಿ ಅನುಕಲನವನ್ನು ತಪ್ಪಿಸಿಕೊಳ್ಳಲು ಸರಾಸರಿ ಎಳೆತ ತೆಗೆದುಕೊಳ್ಳುತ್ತಾನೆ. ಬುಡದಲ್ಲಿ Mg, ಮೇಲೆ (M+m)g, ಸರಾಸರಿ (M + m/2)g. ಅದರಿಂದ ಒಂದೇ ವೇಗ, ಉದ್ದವನ್ನು ಅದರಿಂದ ಭಾಗಿಸಿದರೆ t = √(mL/((M + m/2)g)). ಆಯಾಮ ಸರಿ. ಕೊಡ ಭಾರವಾದಾಗ √(mL/(Mg)), ಅದೂ ಸರಿ.

ಸಂಖ್ಯೆ ಹಾಕಿ ನೋಡೋಣ. ಹಗ್ಗ 10 ಮೀಟರ್, 1 ಕಿಲೋಗ್ರಾಂ. ಕೊಡ ನೀರು ಸೇರಿ 15 ಕಿಲೋಗ್ರಾಂ. g ಗೆ 9.8. ಸರಿಯಾದ ಸೂತ್ರ ಕೊಡುವುದು 0.2566 ಸೆಕೆಂಡು. ಸರಾಸರಿಯ ಸೂತ್ರ ಕೊಡುವುದೂ 0.2566 ಸೆಕೆಂಡು! ನಾಲ್ಕು ಅಂಕಿಗಳವರೆಗೆ ವ್ಯತ್ಯಾಸವಿಲ್ಲ. ಪಕ್ಕದವರ ಉತ್ತರದೊಂದಿಗೆ ತಾಳೆ ನೋಡಿದರೂ ಕೂಡುತ್ತದೆ, ಗಡಿಯಾರ ಹಿಡಿದು ಬಾವಿಯ ಹತ್ತಿರ ಅಳೆದರೂ ಕೂಡುತ್ತದೆ. ಹಗ್ಗದಷ್ಟೇ ತೂಕದ, 1 ಕಿಲೋಗ್ರಾಂನ ಚೊಂಬು ಕಟ್ಟಿದರೂ 0.837ಕ್ಕೆ ಬದಲು 0.825, ಅಷ್ಟೇ. ಆದರೆ ಕೊಡ ಬಿಚ್ಚಿ ನೋಡಿ. ಸರಿಯಾದದ್ದು 2.02 ಸೆಕೆಂಡು, ಸರಾಸರಿಯದ್ದು 1.43 ಸೆಕೆಂಡು. ತಪ್ಪು ಹೊರಗೆ ಬಂದು ನಿಂತಿತು.

ಏಕೆ ಹೀಗೆ? ಸಮಯವನ್ನು ತಿನ್ನುವುದು ನಿಧಾನದ ಜಾಗಗಳು. ಕೊಡವಿಲ್ಲದ ಹಗ್ಗದಲ್ಲಿ ಕೆಳಗಿನ ಎರಡೂವರೆ ಮೀಟರ್ ದಾಟಲೇ 1.01 ಸೆಕೆಂಡು ಬೇಕು, ಅಂದರೆ ಒಟ್ಟು ಸಮಯದ ಅರ್ಧ; ಮೇಲಿನ ಏಳೂವರೆ ಮೀಟರಿಗೆ ಇನ್ನರ್ಧ. ಎಳೆತದ ಸರಾಸರಿ ಈ ತೆವಳುವಿಕೆಯನ್ನು ಮರೆಸಿಬಿಡುತ್ತದೆ. ಭಾರದ ಕೊಡ ಇದ್ದಾಗ ಬುಡದಲ್ಲೂ ಮೇಲೂ ವೇಗ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಸರಾಸರಿ ಕೆಲಸ ಮಾಡಿದಂತೆ ಕಾಣುತ್ತದೆ. ಪ್ರಶ್ನೆಯಲ್ಲಿ ಕೊಟ್ಟ ಸಂಖ್ಯೆಗಳು ಎಷ್ಟೋ ಸಲ ಇಂಥ ಮಧ್ಯದ, ಸೌಮ್ಯವಾದ ಜಾಗದಲ್ಲೇ ಇರುತ್ತವೆ. ಅಲ್ಲಿ ಎಲ್ಲ ಸೂತ್ರಗಳೂ ಒಂದೇ ಥರ ಕಾಣುತ್ತವೆ. ತುದಿಗೆ ಕೊಂಡೊಯ್ದರೆ ಮಾತ್ರ ಅವು ಬೇರೆಯಾಗುತ್ತವೆ.

ಇಲ್ಲೇ ಒಂದು ಚಿಕ್ಕ ಮಾತು ಸೇರಿಸುತ್ತೇನೆ. ಮೊದಲ ರೂಪದ ಸೂತ್ರಕ್ಕೆ √15 ಅನ್ನು 3.87 ಎಂದು ಕಡಿದು ಹಾಕಿದರೆ 4 − 3.87 = 0.13, ಉತ್ತರ 0.263 ಆಗಿಬಿಡುತ್ತದೆ. ತಿರುವಿ ಬರೆದ ರೂಪದಲ್ಲಿ ಅದೇ 3.87 ಹಾಕಿದರೂ 0.2567 ಬರುತ್ತದೆ. ಸನಿಹದ ಎರಡು ಸಂಖ್ಯೆಗಳನ್ನು ಕಳೆಯುವಾಗ ಅಂಕಿಗಳು ಉದುರಿಹೋಗುತ್ತವೆ. ಸೂತ್ರ ಸರಿಯಿದ್ದೂ ಅಂಕ ಕಳೆದುಕೊಂಡವರನ್ನು ನಾನು ನೋಡಿದ್ದೇನೆ, ಅದು ಸಂಕಟದ ವಿಷಯ.

ಈ ಎರಡೂ ಪರೀಕ್ಷೆಗಳನ್ನು ದಾಟಿ ಹೋಗುವ ತಪ್ಪುಗಳೂ ಇವೆ. ಒಬ್ಬ ವಿದ್ಯಾರ್ಥಿನಿ ಎತ್ತರವನ್ನು ಬುಡದ ಬದಲು ರಾಟೆಯಿಂದ ಕೆಳಕ್ಕೆ ಅಳೆಯಲು ಶುರು ಮಾಡಿದಳು, ಆದರೆ ಎಳೆತಕ್ಕೆ ಮಾತ್ರ ಹಳೆಯ (M + μx)g ಅನ್ನೇ ಬರೆದಳು. ಅಂದರೆ ಆಕೆಯ ಹಗ್ಗದಲ್ಲಿ ಎಳೆತ ಕೆಳಗೆ ಹೆಚ್ಚು, ಮೇಲೆ ಕಡಿಮೆ. ತಲೆಕೆಳಗಾದ ಹಗ್ಗ. ಆದರೂ ಒಟ್ಟು ಸಮಯ ಸರಿಯಾಗಿಯೇ ಬಂತು, ಏಕೆಂದರೆ ಅನುಕಲನಕ್ಕೆ ಯಾವ ತುಂಡು ಮೊದಲು ಬಂತು ಎಂಬ ಗೊಡವೆಯಿಲ್ಲ. ಎರಡನೆಯ ಭಾಗದಲ್ಲಿ "ನಡುವಿನವರೆಗೆ ತಲುಪಲು ಎಷ್ಟು ಸಮಯ" ಎಂದು ಕೇಳಿದಾಗ ಉತ್ತರ ತಪ್ಪಿತು, ಆಕೆಗೆ ಕಾರಣ ಹೊಳೆಯಲಿಲ್ಲ. ಆದ್ದರಿಂದ ಅಂಚಿನ ಪರೀಕ್ಷೆಯನ್ನು ಕೊನೆಯ ಸಾಲಿಗೆ ಮಾತ್ರ ಮೀಸಲಿಡಬೇಡಿ. ಎಳೆತದ ಸೂತ್ರ ಬರೆದ ಕೂಡಲೇ ಎರಡೂ ತುದಿಗಳನ್ನು ಹಾಕಿ ನೋಡಿ: ರಾಟೆಯ ಹತ್ತಿರ (M+m)g ಬಂತೇ, ಕೊಡದ ಹತ್ತಿರ Mg ಬಂತೇ? ಅರ್ಧ ನಿಮಿಷದ ಕೆಲಸ.

ಇದಕ್ಕಿಂತ ಕುತೂಹಲದ್ದು ಮತ್ತೊಂದಿದೆ. ತೆಳು ತಂತಿಗೆ ದಪ್ಪ ತಂತಿ ಗಂಟು ಹಾಕಿದೆ, ಎರಡರಲ್ಲೂ ಎಳೆತ ಒಂದೇ. ಮೊದಲ ತಂತಿಯಿಂದ ಬಂದ ಅಲೆಯ ಎಷ್ಟು ಭಾಗ ಗಂಟಿನಲ್ಲಿ ಹಿಂದಿರುಗುತ್ತದೆ, ಎಷ್ಟು ದಾಟುತ್ತದೆ? ಪಾರವನ್ನು, ಅಂದರೆ ಅಲೆಯ ಎತ್ತರವನ್ನು ಲೆಕ್ಕ ಹಾಕಿದರೆ, ಹಿಂದಿರುಗುವ ಪಾಲು

r = (√μ₁ − √μ₂)/(√μ₁ + √μ₂)

ದಾಟುವ ಪಾಲು 1 + r. ಯಾರೋ ವರ್ಗಮೂಲಗಳನ್ನು ಮರೆತು r = (μ₁ − μ₂)/(μ₁ + μ₂) ಎಂದು ಬರೆದರು ಎನ್ನಿ. ಆಯಾಮ? ಎರಡರಲ್ಲೂ ಬರೀ ಅನುಪಾತ, ಸರಿ. ಎರಡೂ ತಂತಿ ಒಂದೇ ಆದರೆ ಏನೂ ಹಿಂದಿರುಗಬಾರದು: ಎರಡರಲ್ಲೂ ಸೊನ್ನೆ. ಎರಡನೆಯದು ಗೋಡೆಯಷ್ಟು ಭಾರವಾದರೆ ಅಲೆ ತಲೆಕೆಳಗಾಗಿ ಪೂರ್ತಿ ಹಿಂದಿರುಗಬೇಕು: ಎರಡರಲ್ಲೂ −1. ಎರಡನೆಯದು ಇಲ್ಲವೇ ಇಲ್ಲ ಎನ್ನುವಷ್ಟು ಹಗುರವಾದರೆ: ಎರಡರಲ್ಲೂ +1. ತಪ್ಪು ಸೂತ್ರ ಎಲ್ಲ ತುದಿಗಳಲ್ಲೂ ಸರಿ, ನಡುವೆ ಮಾತ್ರ ತಪ್ಪು!

ಇದನ್ನು ಹಿಡಿಯಲು ಶಕ್ತಿಯ ಲೆಕ್ಕ ಬೇಕು. ತಂತಿಯಲ್ಲಿ ಅಲೆ ಹೊತ್ತೊಯ್ಯುವ ಶಕ್ತಿ, ಎಳೆತ ಒಂದೇ ಇದ್ದಾಗ, √μ ಮತ್ತು ಪಾರದ ವರ್ಗ ಇವೆರಡರ ಗುಣಲಬ್ಧಕ್ಕೆ ಅನುಗುಣ. ಬಂದದ್ದು ಹಿಂದಿರುಗಿದ್ದಕ್ಕೂ ದಾಟಿದ್ದಕ್ಕೂ ಸಮನಾಗಬೇಕು. ಒಂದೇ ಒಂದು ಸುಲಭ ಸಂಖ್ಯೆ ಸಾಕು: μ₂ ಮೊದಲನೆಯದರ ನಾಲ್ಕು ಪಟ್ಟು ಎನ್ನಿ. ಸರಿಯಾದ ಸೂತ್ರದಲ್ಲಿ ಹಿಂದಿರುಗುವುದು −1/3, ದಾಟುವುದು 2/3. ಶಕ್ತಿ: 1/9 + 2 × 4/9, ಒಟ್ಟು 1. ತಪ್ಪು ಸೂತ್ರದಲ್ಲಿ −3/5 ಮತ್ತು 2/5. ಶಕ್ತಿ: 0.36 + 2 × 0.16, ಒಟ್ಟು 0.68. ಮೂರನೇ ಒಂದು ಭಾಗದಷ್ಟು ಶಕ್ತಿ ಗಂಟಿನಲ್ಲೇ ಕಾಣೆಯಾಗಿದೆ.

ಇದೇ ಲೆಕ್ಕದಲ್ಲಿ ಸರಿಯಾದ ಉತ್ತರವನ್ನೇ ಹೆದರಿ ಹೊಡೆದುಹಾಕುವವರೂ ಇದ್ದಾರೆ. ಎರಡನೆಯ ತಂತಿ ತೀರಾ ಹಗುರವಾದಾಗ ದಾಟುವ ಪಾಲು 2 ಆಗುತ್ತದೆ. "ಬಂದದ್ದಕ್ಕಿಂತ ಎರಡರಷ್ಟು ದಾಟುವುದು ಹೇಗೆ? ನನ್ನ ಉತ್ತರ ತಪ್ಪು" ಎಂದು ಎಲ್ಲವನ್ನೂ ಅಳಿಸುತ್ತಾರೆ. ಅಳಿಸಬೇಡಿ. ಇಮ್ಮಡಿಯಾದದ್ದು ಅಲೆಯ ಎತ್ತರ. ತಂತಿ ಅಷ್ಟು ಹಗುರವಾಗಿರುವುದರಿಂದ √μ₂ ಸೊನ್ನೆಗೆ ಹತ್ತಿರ, ಅದು ಹೊತ್ತೊಯ್ಯುವ ಶಕ್ತಿಯೂ ಸೊನ್ನೆಗೆ ಹತ್ತಿರ. ಚಾವಟಿಯ ಬಿಡಿ ತುದಿ ಎಷ್ಟು ಎತ್ತರಕ್ಕೆ ಚಿಮ್ಮುತ್ತದೆ ನೆನಪಿಸಿಕೊಳ್ಳಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ. "ಸಾರ್, ಒಪ್ಪಿಸಲು ಹತ್ತು ನಿಮಿಷ ಇದೆ. M = 0 ಹಾಕಿದರೆ ಸರಿ ಬರುತ್ತಿಲ್ಲ. ಮತ್ತೆ ಮೊದಲಿನಿಂದ ಮಾಡಲು ಸಮಯವಿಲ್ಲ. ಏನು ಮಾಡುವುದು?"

ಮೊದಲಿನಿಂದ ಮಾಡಬೇಡಿ. M = 0 ಅನ್ನು ಕೊನೆಯ ಸಾಲಿನಿಂದ ಹಿಂದಕ್ಕೆ ಒಂದೊಂದೇ ಸಾಲಿಗೆ ಹಾಕುತ್ತಾ ಹೋಗಿ. ವೇಗದ ಸಾಲಿನಲ್ಲಿ √(gy) ಬರುತ್ತಿದೆಯೇ? ಬರುತ್ತಿದ್ದರೆ ತಪ್ಪು ಅದಕ್ಕಿಂತ ಕೆಳಗೆ, ಅನುಕಲನದಲ್ಲಿದೆ. ಬರುತ್ತಿಲ್ಲವಾದರೆ ಮೇಲೆ, ಎಳೆತದಲ್ಲಿದೆ. ನಾಲ್ಕು ಸಾಲಿನ ಲೆಕ್ಕದಲ್ಲಿ ಹತ್ತು ನಿಮಿಷ ಸಾಮಾನ್ಯವಾಗಿ ಸಾಕಾಗುತ್ತದೆ. ಆದರೂ ಸಿಗದಿದ್ದರೆ ಉತ್ತರದ ಕೆಳಗೆ ನೇರವಾಗಿ ಬರೆಯಿರಿ: "M = 0 ಆದಾಗ 2√(L/g) ಬರಬೇಕು, ಇಲ್ಲಿ √(2L/g) ಬರುತ್ತಿದೆ; ಸರಾಸರಿ ಎಳೆತ ತೆಗೆದುಕೊಂಡ ಮೂರನೆಯ ಸಾಲಿನ ಮೇಲೆ ಅನುಮಾನವಿದೆ." ಅಂಥ ಒಂದು ಸಾಲು ಇರುವ ಹಾಳೆ ನನ್ನ ಕೈಗೆ ಬಂದರೆ ನಾನು ಆ ಮೂರನೆಯ ಸಾಲಿನಿಂದಲೇ ತಿದ್ದಲು ಶುರು ಮಾಡುತ್ತೇನೆ.